ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಉದ್ಯೋಗ ಪ್ರಕಟಣೆಗೆ ಉತ್ತರಿಸುವ ಕ್ರಮ: ಗ್ರಾಮ ಪಂಚಾಯತಿ ಸದಸ್ಯರಿಗೆ ಒಂದು ವಿವರಣೆ

ಚಿತ್ರದುರ್ಗ ತಾಲ್ಲೂಕಿನ ತುರುವನೂರು ಹೋಬಳಿಯ ಗ್ರಾಮಗಳಲ್ಲಿ ಇಂದು ವಾರ್ಡಿಗೊಂದು, ಸಂಘಕ್ಕೊಂದು, ಶಾಲೆಗೊಂದು ವಾಟ್ಸ್‌ಆ್ಯಪ್ ಗುಂಪು ಇದೆ. ನೀರು ಬಿಡುವ ಸಮಯ, ಗ್ರಾಮಸಭೆಯ ದಿನಾಂಕ, ವಿದ್ಯುತ್ ನಿಲುಗಡೆಯ ಸೂಚನೆಗಳ ನಡುವೆ "ಕೆಲಸಕ್ಕೆ ಜನ ಬೇಕಾಗಿದ್ದಾರೆ" ಎಂಬ ಪ್ರಕಟಣೆಗಳೂ ಅಲ್ಲಿಯೇ ಬರುತ್ತವೆ. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಪೆಟ್ರೋಲ್ ಬಂಕ್, ಖಾಸಗಿ ಶಾಲೆ, ಗೊಬ್ಬರದ ಅಂಗಡಿ ಮೊದಲಾದ ಸಣ್ಣ ಉದ್ಯೋಗದಾತರು ಪತ್ರಿಕೆಯಲ್ಲಿ ಜಾಹೀರಾತು ನೀಡುವುದಿಲ್ಲ. ಪರಿಚಯದವರ ಮೂಲಕ ಒಂದು ಸಂದೇಶವನ್ನು ಗುಂಪುಗಳಿಗೆ ಕಳುಹಿಸುತ್ತಾರೆ, ಬಂದ ಉತ್ತರಗಳಲ್ಲಿ ಮೂರು ನಾಲ್ಕು ಮಂದಿಯನ್ನು ಕರೆದು ನೋಡಿ ಒಬ್ಬರನ್ನು ಸೇರಿಸಿಕೊಳ್ಳುತ್ತಾರೆ.

ಇಂತಹ ಪ್ರಕಟಣೆಯನ್ನು ತಮ್ಮ ವಾರ್ಡಿನ ಗುಂಪಿಗೆ ರವಾನಿಸುವವರು ಬಹಳ ಸಲ ಗ್ರಾಮ ಪಂಚಾಯತಿ ಸದಸ್ಯರೇ ಆಗಿರುತ್ತಾರೆ. ಅದಕ್ಕೆ ಹೇಗೆ ಉತ್ತರಿಸಬೇಕೆಂದು ಯುವಕ ಯುವತಿಯರು ಕೇಳುವುದೂ ಅವರನ್ನೇ. ಅರ್ಹತೆ ಇದ್ದರೂ ಸಂದೇಶ ಸರಿಯಿಲ್ಲದ ಕಾರಣ ಕರೆ ಬಾರದೆ ಹೋಗುವುದುಂಟು. ಅವಸರದಲ್ಲಿ ದಾಖಲೆಗಳ ಛಾಯಾಚಿತ್ರಗಳನ್ನು ಅಪರಿಚಿತರಿಗೆ ಕಳುಹಿಸಿ ತೊಂದರೆಗೆ ಸಿಲುಕುವುದೂ ಉಂಟು. ಆದುದರಿಂದ ಒಂದು ಪ್ರಕಟಣೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಅದಕ್ಕೆ ಚಿಕ್ಕದಾದ, ನಂಬಿಕೆಗೆ ಅರ್ಹವಾದ ಉತ್ತರವನ್ನು ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಈ ಕ್ರಮ ಯಾವ ಹುದ್ದೆಗಳಿಗೆ ಅನ್ವಯಿಸುವುದಿಲ್ಲ

ಮೊದಲಿಗೆ ಒಂದು ಗಡಿಯನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಸರ್ಕಾರಿ ಹಾಗೂ ಪಂಚಾಯತಿಯ ಹುದ್ದೆಗಳು ವಾಟ್ಸ್‌ಆ್ಯಪ್ ಸಂದೇಶದಿಂದ ಭರ್ತಿಯಾಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರ ಹುದ್ದೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಅಧಿಸೂಚನೆ ಹೊರಡಿಸಿ ಆನ್‌ಲೈನ್ ಮೂಲಕ ಅರ್ಜಿ ಆಹ್ವಾನಿಸುತ್ತದೆ. ಗ್ರಾಮ ಪಂಚಾಯತಿಯ ಸಿಬ್ಬಂದಿ ನೇಮಕಕ್ಕೂ ನಿಗದಿತ ನಿಯಮಗಳಿವೆ. ಇಂತಹ ಹುದ್ದೆಗಳ ವಿಷಯದಲ್ಲಿ ಗುಂಪಿನಲ್ಲಿ ಬಂದ ಸಂದೇಶವು ಕೇವಲ ಮಾಹಿತಿಯಾಗಿದ್ದು, ಅದಕ್ಕೆ "ನಾನು ಆಸಕ್ತ" ಎಂದು ಉತ್ತರಿಸಿ ಅರ್ಜಿ ಸಲ್ಲಿಸಿದೆನೆಂದು ಭಾವಿಸಿದವರು ಕೊನೆಯ ದಿನಾಂಕವನ್ನು ಕಳೆದುಕೊಳ್ಳುತ್ತಾರೆ. ಸದಸ್ಯರು ಈ ವ್ಯತ್ಯಾಸವನ್ನು ಗುಂಪಿನಲ್ಲಿಯೇ ತಿಳಿಸತಕ್ಕದ್ದು. ಇಲ್ಲಿ ಹೇಳುವ ಕ್ರಮವು ಖಾಸಗಿ ಅಂಗಡಿ, ಸಂಸ್ಥೆ ಮತ್ತು ಶಾಲೆಗಳ ಕೆಲಸಗಳಿಗೆ ಮಾತ್ರ ಸಂಬಂಧಿಸಿದೆ.

2. ಉದಾಹರಣೆಯ ಪ್ರಕಟಣೆ

ಒಂದು ವಾರ್ಡಿನ ಗುಂಪಿಗೆ ಈ ಕೆಳಗಿನ ಸಂದೇಶ ಬಂದಿದೆ ಎಂದು ಭಾವಿಸೋಣ.

"ಚಿತ್ರದುರ್ಗದಲ್ಲಿರುವ ರಸಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿಗೆ ಲೆಕ್ಕಪತ್ರ ನೋಡಿಕೊಳ್ಳುವವರು ಬೇಕಾಗಿದ್ದಾರೆ. ಟ್ಯಾಲಿ ಗೊತ್ತಿರಬೇಕು. ಬೆಳಿಗ್ಗೆ 9ರಿಂದ ಸಂಜೆ 6. ಆಸಕ್ತರು ಈ ಸಂಖ್ಯೆಗೆ ವಾಟ್ಸ್‌ಆ್ಯಪ್ ಮಾಡಿ."

ತುರುವನೂರಿನ ಯುವತಿಯೊಬ್ಬಳು ಇದನ್ನು ಓದುತ್ತಾಳೆ. ಆಕೆ ಬಿ.ಕಾಂ. ಮುಗಿಸಿದ್ದಾಳೆ, ಟ್ಯಾಲಿ ತರಬೇತಿ ಪಡೆದಿದ್ದಾಳೆ, ತಾಯಿ ಸದಸ್ಯೆಯಾಗಿರುವ ಸ್ತ್ರೀಶಕ್ತಿ ಸಂಘದ ನಗದು ಪುಸ್ತಕವನ್ನು ಎರಡು ವರ್ಷದಿಂದ ಬರೆಯುತ್ತಿದ್ದಾಳೆ. ಸಂಬಳದ ಕೆಲಸವನ್ನು ಈವರೆಗೆ ಮಾಡಿಲ್ಲ. ಈ ಕೆಲಸಕ್ಕೆ ಆಕೆ ತಕ್ಕವಳೇ ಆದರೂ ಆ ಸಂಗತಿ ಅಂಗಡಿಯ ಮಾಲೀಕರಿಗೆ ತಿಳಿಯುವುದು ಆಕೆಯ ಸಂದೇಶದಿಂದ ಮಾತ್ರ.

ಮಾಲೀಕರ ಕಡೆಯಿಂದ ನೋಡಿದರೆ ಪರಿಸ್ಥಿತಿ ಹೀಗಿರುತ್ತದೆ. ಪ್ರಕಟಣೆ ಹಲವು ಗುಂಪುಗಳಿಗೆ ಹೋಗಿರುವುದರಿಂದ ಒಂದೇ ದಿನದಲ್ಲಿ ಹತ್ತಾರು ಅಪರಿಚಿತ ಸಂಖ್ಯೆಗಳಿಂದ ಉತ್ತರಗಳು ಬರುತ್ತವೆ. "ಹಾಯ್", "ಇಂಟರೆಸ್ಟೆಡ್", "ಸಂಬಳ ಎಷ್ಟು ಸರ್", "ಕಾಲ್ ಮಾಡಿ" ಎಂಬವುಗಳೇ ಅವುಗಳಲ್ಲಿ ಹೆಚ್ಚು. ಮಾಲೀಕರು ಗಿರಾಕಿಗಳ ನಡುವೆ ಇವುಗಳನ್ನು ನೋಡುತ್ತಾರೆ. ಪ್ರತಿಯೊಬ್ಬರಿಗೂ "ನೀವು ಯಾರು, ಯಾವ ಊರು, ಏನು ಓದಿದ್ದೀರಿ" ಎಂದು ಕೇಳುವ ವ್ಯವಧಾನ ಅವರಿಗಿರುವುದಿಲ್ಲ. ಅವರು ತಿಳಿಯಬಯಸುವುದು ನಾಲ್ಕು ವಿಷಯಗಳನ್ನು: ಬರೆದವರು ಯಾರು ಮತ್ತು ಎಲ್ಲಿಯವರು, ಕೇಳಿದ ಕೆಲಸ ಅವರಿಗೆ ಬರುತ್ತದೆಯೇ, ಹೇಳಿದ ವೇಳೆಗೆ ದಿನವೂ ಬರಬಲ್ಲರೇ, ಯಾವಾಗ ಬಂದು ಕಾಣುತ್ತಾರೆ. ಈ ನಾಲ್ಕಕ್ಕೆ ಮೊದಲ ಸಂದೇಶದಲ್ಲಿಯೇ ಉತ್ತರ ಸಿಕ್ಕವರನ್ನು ಕರೆಯುವುದು ಅವರಿಗೆ ಸುಲಭ.

3. ಬರೆಯುವ ಮುನ್ನ ಮಾಡಬೇಕಾದ ಪರಿಶೀಲನೆ

ಉತ್ತರ ಬರೆಯುವ ಮೊದಲು ಪ್ರಕಟಣೆ ನಿಜವಾದದ್ದೇ ಎಂಬುದನ್ನು ನೋಡಬೇಕು. ಸಂದೇಶದ ಮೇಲೆ ಎರಡು ಬಾಣದ ಗುರುತಿನೊಡನೆ Forwarded many times ಎಂದು ಕಾಣಿಸಿದರೆ, ಅದು ಅನೇಕ ಕೈಗಳನ್ನು ದಾಟಿ ಬಂದಿದೆ ಎಂದರ್ಥ. ಅಂತಹ ಸಂದೇಶ ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಹಳೆಯದಾಗಿರಬಹುದು, ಹುದ್ದೆ ಈಗಾಗಲೇ ಭರ್ತಿಯಾಗಿರಬಹುದು. ಗುಂಪಿಗೆ ಹಾಕಿದವರನ್ನು "ಇದು ನಿಮಗೆ ಯಾರಿಂದ ಬಂತು, ಅಂಗಡಿ ಯಾವ ರಸ್ತೆಯಲ್ಲಿದೆ" ಎಂದು ಕೇಳಿದರೆ ಬಹುಮಟ್ಟಿಗೆ ವಿಷಯ ತಿಳಿಯುತ್ತದೆ.

ಅಂಗಡಿಯ ಹೆಸರಾಗಲಿ ಸ್ಥಳವಾಗಲಿ ಇಲ್ಲದೆ, "ಮನೆಯಲ್ಲಿಯೇ ಕುಳಿತು ದಿನಕ್ಕೆ ಸಾವಿರಾರು ರೂಪಾಯಿ" ಎಂಬಂತಹ ಮಾತಿದ್ದು, ನೋಂದಣಿ ಶುಲ್ಕ, ತರಬೇತಿ ಶುಲ್ಕ ಅಥವಾ ಸಮವಸ್ತ್ರದ ಹಣವನ್ನು ಮೊದಲೇ ಕೇಳುವ ಪ್ರಕಟಣೆಗೆ ಉತ್ತರಿಸಬಾರದು. ಸಂಬಳ ಕೊಡಬೇಕಾದವರು ಕೆಲಸ ಕೇಳುವವರಿಂದಲೇ ಹಣ ಬೇಡಿದರೆ ಅದು ವಂಚನೆಯ ಲಕ್ಷಣ. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು ಅಥವಾ cybercrime.gov.in ತಾಣದಲ್ಲಿ ದೂರು ದಾಖಲಿಸಬೇಕು. ದೂರು ಬೇಗ ತಲುಪಿದಷ್ಟೂ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪರಿಶೀಲನೆಯ ಎರಡನೆಯ ಭಾಗ ಅಭ್ಯರ್ಥಿಯ ಸ್ವಂತ ಅನುಕೂಲಕ್ಕೆ ಸಂಬಂಧಿಸಿದ್ದು. ಬೆಳಿಗ್ಗೆ 9 ಗಂಟೆಗೆ ಚಿತ್ರದುರ್ಗ ತಲುಪಿಸುವ ಬಸ್ಸು ಇದೆಯೇ, ಸಂಜೆ 6ರ ನಂತರ ಊರಿಗೆ ಮರಳುವ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಬರೆಯುವ ಮುನ್ನವೇ ತಿಳಿದುಕೊಳ್ಳಬೇಕು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣದ ಖರ್ಚಿನ ಪ್ರಶ್ನೆ ಬಗೆಹರಿದಿದೆ. ಆದರೆ ವೇಳೆಯ ಪ್ರಶ್ನೆ ಬಗೆಹರಿದಿಲ್ಲ. ಹಳ್ಳಿಯಿಂದ ಬರುವವರು ಬಸ್ಸು ತಪ್ಪಿತೆಂದು ತಡವಾಗಿ ಬರುತ್ತಾರೆ, ಕೆಲವೇ ದಿನಗಳಲ್ಲಿ ಬಿಟ್ಟುಬಿಡುತ್ತಾರೆ ಎಂಬ ಶಂಕೆ ಪಟ್ಟಣದ ಮಾಲೀಕರಲ್ಲಿ ಇರುವುದರಿಂದ, ಈ ಒಂದು ವಿಷಯವನ್ನು ಖಚಿತವಾಗಿ ಹೇಳಬಲ್ಲ ಅಭ್ಯರ್ಥಿಗೆ ಹೆಚ್ಚಿನ ಬೆಲೆ ಬರುತ್ತದೆ.

4. ಎರಡು ತಪ್ಪು ಉತ್ತರಗಳು

ಮೊದಲನೆಯ ತಪ್ಪು ಅತಿ ಚಿಕ್ಕದು. ಯುವತಿಯು ಗುಂಪಿನಲ್ಲಿಯೇ "ಸರ್ ನನಗೆ ಇಂಟರೆಸ್ಟ್ ಇದೆ" ಎಂದು ಬರೆಯುತ್ತಾಳೆ. ಮಾಲೀಕರು ಆ ಗುಂಪಿನಲ್ಲಿಲ್ಲ. ಪ್ರಕಟಣೆಯನ್ನು ಅಲ್ಲಿಗೆ ತಂದವರು ಬೇರೆಯವರು. ಆಕೆಯ ಮಾತು ನೂರಾರು ಮಂದಿಗೆ ಕಾಣುತ್ತದೆಯೇ ಹೊರತು ತಲುಪಬೇಕಾದವರಿಗೆ ತಲುಪುವುದಿಲ್ಲ. ಆಕೆಯ ಮೊಬೈಲ್ ಸಂಖ್ಯೆ ಮತ್ತು ಕೆಲಸ ಹುಡುಕುತ್ತಿರುವ ಸಂಗತಿ ಮಾತ್ರ ಅಪರಿಚಿತರ ಕೈಗೆ ಸಿಗುತ್ತದೆ. ಪ್ರಕಟಣೆಯಲ್ಲಿ ಸಂಖ್ಯೆ ಇದ್ದರೆ ನೇರವಾಗಿ ಆ ಸಂಖ್ಯೆಗೇ ಬರೆಯಬೇಕು. ಸಂಖ್ಯೆ ಇಲ್ಲದಿದ್ದರೆ ಆ ಸಂದೇಶವನ್ನು ಒತ್ತಿ ಹಿಡಿದು Reply privately ಆಯ್ಕೆಯ ಮೂಲಕ, ಅದನ್ನು ಗುಂಪಿಗೆ ಹಾಕಿದವರಿಗೆ ಪ್ರತ್ಯೇಕವಾಗಿ ಬರೆದು ಮಾಲೀಕರ ಸಂಖ್ಯೆಯನ್ನು ಕೇಳಬೇಕು.

ಎರಡನೆಯ ತಪ್ಪು ಅತಿ ಉದ್ದವಾದದ್ದು. ಹಳೆಯ ಅರ್ಜಿಯ ನಮೂನೆಯಂತೆ "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಆರಂಭಿಸಿ, ತಂದೆಯ ಹೆಸರು, ಜಾತಿ, ಹುಟ್ಟಿದ ದಿನಾಂಕ, ಹತ್ತನೆಯ ತರಗತಿಯಿಂದ ಅಂಕಗಳ ಪಟ್ಟಿ, ಮನೆಯ ಕಷ್ಟ, ಕೊನೆಗೆ "ದಯವಿಟ್ಟು ಈ ಕೆಲಸ ನನಗೇ ಕೊಡಬೇಕು" ಎಂಬ ವಿನಂತಿಯವರೆಗೆ ಎರಡು ಪರದೆ ತುಂಬುವಷ್ಟು ಬರೆಯುವುದು. ವಾಟ್ಸ್‌ಆ್ಯಪ್ ಉದ್ದ ಸಂದೇಶವನ್ನು ಅರ್ಧಕ್ಕೆ ನಿಲ್ಲಿಸಿ Read more ಎಂದು ತೋರಿಸುತ್ತದೆ. ಟ್ಯಾಲಿ ಬರುತ್ತದೆ ಎಂಬ ಮುಖ್ಯ ಮಾತು ಆ ಗೆರೆಯ ಕೆಳಗೆ ಉಳಿದುಬಿಡುತ್ತದೆ. ಮನೆಯ ಕಷ್ಟ ನಿಜವೇ ಆಗಿದ್ದರೂ ಮಾಲೀಕರು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

5. ಸರಿಯಾದ ಉತ್ತರ

ಅದೇ ಯುವತಿಯು ಕಳುಹಿಸಬಹುದಾದ ಸಂದೇಶ ಹೀಗಿರುತ್ತದೆ.

"ನಮಸ್ಕಾರ ಸರ್. ಚಿತ್ರದುರ್ಗದ ಗೊಬ್ಬರದ ಅಂಗಡಿಯ ಲೆಕ್ಕಪತ್ರ ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ನನ್ನ ಹೆಸರು ________, ಊರು ತುರುವನೂರು.

ಬಿ.ಕಾಂ. ಮುಗಿಸಿದ್ದೇನೆ. ಟ್ಯಾಲಿಯಲ್ಲಿ ಖರೀದಿ, ಮಾರಾಟ, ದಾಸ್ತಾನು ನಮೂದು ಮಾಡಬಲ್ಲೆ. ಎರಡು ವರ್ಷದಿಂದ ನಮ್ಮೂರಿನ ಸ್ತ್ರೀಶಕ್ತಿ ಸಂಘದ ನಗದು ಪುಸ್ತಕ ಬರೆಯುತ್ತಿದ್ದೇನೆ. ಜಿ.ಎಸ್.ಟಿ. ರಿಟರ್ನ್ ಸಲ್ಲಿಸಿದ ಅನುಭವ ಇಲ್ಲ.

ಪ್ರತಿದಿನ ಬಸ್ಸಿನಲ್ಲಿ ಬಂದು 9 ಗಂಟೆಗೆ ಹಾಜರಾಗಬಲ್ಲೆ. ಒಂದು ಪುಟದ ಬಯೋಡೇಟಾ ಕಳುಹಿಸಿದ್ದೇನೆ. ನಾಳೆ ಅಥವಾ ನಾಡಿದ್ದು ತಾವು ತಿಳಿಸಿದ ಸಮಯಕ್ಕೆ ಅಂಗಡಿಗೆ ಬಂದು ಕಾಣಬಹುದೇ?"

ಇದು ಐವತ್ತೈದು ಪದಗಳ ಆಸುಪಾಸಿನಲ್ಲಿದೆ. ಇದರ ಒಂದೊಂದು ಭಾಗಕ್ಕೂ ಕಾರಣವಿದೆ.

ಮೊದಲ ಸಾಲಿನಲ್ಲಿ ಕೆಲಸದ ಹೆಸರಿದೆ. ಫೋನಿನ ಪರದೆಯ ಮೇಲೆ ಸೂಚನೆ ಬಂದಾಗ, ಹಾಗೂ ಸಂದೇಶಗಳ ಪಟ್ಟಿಯಲ್ಲಿ, ಮೊದಲ ಕೆಲವು ಪದಗಳು ಮಾತ್ರ ಕಾಣಿಸುತ್ತವೆ. ಕೇವಲ "ಹಾಯ್ ಸರ್" ಎಂದಿದ್ದರೆ ಅದು ಗಿರಾಕಿಯದೋ ಅಭ್ಯರ್ಥಿಯದೋ ತಿಳಿಯದು. "ಹಾಯ್" ಎಂದು ಒಂದು ಸಂದೇಶ, ಹೆಸರಿಗೆ ಇನ್ನೊಂದು, ಓದಿಗೆ ಮತ್ತೊಂದು ಹೀಗೆ ತುಂಡು ತುಂಡಾಗಿ ಕಳುಹಿಸಿದಾಗಲೂ ಪಟ್ಟಿಯಲ್ಲಿ ಕೊನೆಯ ತುಂಡು ಮಾತ್ರ ಕಾಣುತ್ತದೆ. ಆದ್ದರಿಂದ ಎಲ್ಲವೂ ಒಂದೇ ಸಂದೇಶದಲ್ಲಿ ಇರಬೇಕು.

ಎರಡನೆಯ ಭಾಗದಲ್ಲಿ "ಟ್ಯಾಲಿ ಬರುತ್ತದೆ" ಎಂದಷ್ಟೇ ಹೇಳದೆ, ಟ್ಯಾಲಿಯಲ್ಲಿ ಏನು ಮಾಡಬಲ್ಲೆ ಎಂಬುದನ್ನು ಹೇಳಲಾಗಿದೆ. ತರಬೇತಿ ಪಡೆದವರೆಲ್ಲರೂ ಟ್ಯಾಲಿ ಬರುತ್ತದೆ ಎನ್ನುತ್ತಾರೆ. ಖರೀದಿ, ಮಾರಾಟ, ದಾಸ್ತಾನು ಎಂಬ ಮೂರು ಪದಗಳು ಅಂಗಡಿಯ ದಿನನಿತ್ಯದ ಕೆಲಸವನ್ನೇ ಹೆಸರಿಸುತ್ತವೆ. ಗೊಬ್ಬರದ ಅಂಗಡಿಯಲ್ಲಿ ದಾಸ್ತಾನಿನ ಲೆಕ್ಕಕ್ಕೆ ವಿಶೇಷ ಮಹತ್ವವಿದೆ. ಸಬ್ಸಿಡಿ ಗೊಬ್ಬರವನ್ನು ಪಿ.ಒ.ಎಸ್. ಯಂತ್ರದ ಮೂಲಕ, ಖರೀದಿಸುವವರ ಗುರುತನ್ನು ದೃಢೀಕರಿಸಿ ಮಾರಬೇಕಾಗುತ್ತದೆ. ಯಂತ್ರದಲ್ಲಿ ಉಳಿದ ಚೀಲಗಳ ಸಂಖ್ಯೆಯೂ ಗೋದಾಮಿನಲ್ಲಿ ಉಳಿದ ಚೀಲಗಳ ಸಂಖ್ಯೆಯೂ ತಾಳೆಯಾಗಬೇಕು. ಆ ಯಂತ್ರವನ್ನು ಎಂದಾದರೂ ಬಳಸಿದ ಅಭ್ಯರ್ಥಿ ಇದ್ದರೆ, ಆ ಒಂದು ಸಾಲು ಅಂಕಪಟ್ಟಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಬಳಸಿಲ್ಲದಿದ್ದರೆ ಬಳಸಿದ್ದೇನೆ ಎಂದು ಬರೆಯಬಾರದು.

ಸ್ತ್ರೀಶಕ್ತಿ ಸಂಘದ ಮಾತು ಇಲ್ಲಿ ಅನುಭವದ ಸ್ಥಾನದಲ್ಲಿದೆ. ಸಂಬಳ ಬಂದರೆ ಮಾತ್ರ ಅನುಭವ ಎಂದು ತಿಳಿದು ಹಳ್ಳಿಯ ಯುವಜನರು ಇಂತಹ ಕೆಲಸಗಳನ್ನು ಬಿಟ್ಟುಬಿಡುತ್ತಾರೆ. ಸಂಘದ ಉಳಿತಾಯ, ಸಾಲ, ಬಡ್ಡಿ, ಬ್ಯಾಂಕ್ ಜಮೆಗಳನ್ನು ಪ್ರತಿ ಸಭೆಯಲ್ಲಿ ಬರೆದು ಸದಸ್ಯೆಯರ ಮುಂದೆ ಓದಿ ಹೇಳುವುದು ನಿಜವಾದ ಲೆಕ್ಕದ ಕೆಲಸವೇ. ಮಾಲೀಕರು ಬಯಸಿದರೆ ಸಂಘದವರನ್ನು ಕೇಳಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಹೀಗೆ ಬೇರೆಯವರನ್ನು ಕೇಳಿ ತಿಳಿಯಬಹುದಾದ ಒಂದು ಸಂಗತಿ ಇದ್ದಾಗ ಸಂದೇಶಕ್ಕೆ ನಂಬಿಕೆ ಬರುತ್ತದೆ.

ಬಾರದ ಕೆಲಸವನ್ನು ಬಾರದು ಎಂದು ಬರೆದಿರುವುದು ಕೆಲವರಿಗೆ ಅನವಶ್ಯಕವೆಂದು ತೋರಬಹುದು. ಬಾರದ್ದೆಲ್ಲವನ್ನೂ ಪಟ್ಟಿ ಮಾಡಬೇಕಾಗಿಲ್ಲ. ಲೆಕ್ಕಪತ್ರದ ಕೆಲಸದಲ್ಲಿ ಜಿ.ಎಸ್.ಟಿ. ವಿಷಯ ಕೇಳಿಯೇ ಕೇಳುತ್ತಾರೆ. ಮೊದಲೇ ಹೇಳಿದರೆ ಅದು ಪ್ರಾಮಾಣಿಕತೆಯಾಗುತ್ತದೆ, ಸಂದರ್ಶನದಲ್ಲಿ ಹೊರಬಂದರೆ ಮುಚ್ಚಿಟ್ಟಂತಾಗುತ್ತದೆ. ಅನೇಕ ಸಣ್ಣ ಅಂಗಡಿಗಳ ರಿಟರ್ನ್‌ಗಳನ್ನು ಹೊರಗಿನ ತೆರಿಗೆ ಸಲಹೆಗಾರರೇ ಸಲ್ಲಿಸುವುದರಿಂದ ಈ ಕೊರತೆ ಕೆಲಸಕ್ಕೆ ಅಡ್ಡಿಯಾಗದಿರಲೂಬಹುದು. ಆದರೆ ಪ್ರಕಟಣೆಯಲ್ಲಿಯೇ ಜಿ.ಎಸ್.ಟಿ. ಅನುಭವ ಕಡ್ಡಾಯ ಎಂದಿದ್ದರೆ ಅರ್ಜಿ ಹಾಕುವುದರಿಂದ ಪ್ರಯೋಜನವಿಲ್ಲ.

ಕೊನೆಯ ಸಾಲು ಒಂದು ಪ್ರಶ್ನೆಯಾಗಿದೆ. "ಅವಕಾಶ ಕೊಡಿ" ಎಂಬ ವಿನಂತಿಗೆ ಮಾಲೀಕರು ಏನೆಂದು ಉತ್ತರಿಸಬೇಕೆಂಬುದು ಸ್ಪಷ್ಟವಿಲ್ಲ. "ನಾಳೆ ಅಥವಾ ನಾಡಿದ್ದು ಬಂದು ಕಾಣಬಹುದೇ" ಎಂಬುದಕ್ಕೆ "ನಾಳೆ 11ಕ್ಕೆ ಬನ್ನಿ" ಎಂದು ಮೂರು ಪದಗಳಲ್ಲಿ ಉತ್ತರಿಸಬಹುದು. ಸಂಬಳದ ಪ್ರಶ್ನೆಯನ್ನು ಮೊದಲ ಸಂದೇಶದಲ್ಲಿ ಕೇಳದೆ, ಮಾಲೀಕರು ಉತ್ತರಿಸಿದ ಮೇಲೆ ಕೇಳುವುದು ಸೂಕ್ತ. ಕೆಲಸಕ್ಕೆ ಸೇರುವ ಮುನ್ನ ಸಂಬಳ, ವಾರದ ರಜೆ ಮತ್ತು ಸಂಬಳ ನೀಡುವ ದಿನಾಂಕವನ್ನು ಕೇಳಿ ತಿಳಿಯಲೇಬೇಕು.

6. ಬಯೋಡೇಟಾ ಮತ್ತು ದಾಖಲೆಗಳು

ಬಯೋಡೇಟಾ ಒಂದು ಪುಟದ ಪಿ.ಡಿ.ಎಫ್. ಆಗಿರಬೇಕು, ಕಡತಕ್ಕೆ ಅಭ್ಯರ್ಥಿಯ ಹೆಸರು ಮತ್ತು ಊರು ಇಟ್ಟಿರಬೇಕು. "ನ್ಯೂ ಡಾಕ್ಯುಮೆಂಟ್ 1" ಎಂಬ ಹೆಸರಿನ ಕಡತ ಮಾಲೀಕರ ಫೋನಿನಲ್ಲಿ ಇತರ ಕಡತಗಳ ನಡುವೆ ಕಳೆದುಹೋಗುತ್ತದೆ.

ಇಲ್ಲಿ ಒಂದು ತಾಂತ್ರಿಕ ತೊಡಕನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು. ಕಂಪ್ಯೂಟರ್ ಅಂಗಡಿಗಳಲ್ಲಿ ಕನ್ನಡದ ಬಯೋಡೇಟಾವನ್ನು ಇಂದಿಗೂ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡುವುದುಂಟು. ಮುದ್ರಣದಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಆ ಬರಹವನ್ನು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು ಬರುತ್ತವೆ. ವರ್ಡ್ ಕಡತವನ್ನೇ ಕಳುಹಿಸಿದರೂ ಆ ಅಕ್ಷರಶೈಲಿ ಇಲ್ಲದ ಫೋನಿನಲ್ಲಿ ಇದೇ ಆಗುತ್ತದೆ. ಪಿ.ಡಿ.ಎಫ್.ನಲ್ಲಿ ಅಕ್ಷರಶೈಲಿಯನ್ನು ಕಡತದೊಳಗೇ ಸೇರಿಸಬಹುದಾದ್ದರಿಂದ ಬರಹವು ಬರೆದಂತೆಯೇ ಕಾಣುತ್ತದೆ. ಕಳುಹಿಸುವ ಮೊದಲು ಮನೆಯವರ ಫೋನಿಗೆ ಒಮ್ಮೆ ಕಳುಹಿಸಿ, ತೆರೆದು ನೋಡಿದರೆ ಸಂಶಯ ಉಳಿಯುವುದಿಲ್ಲ. ಸಂದೇಶವನ್ನಂತೂ ಫೋನಿನ ಕನ್ನಡ ಕೀಲಿಮಣೆಯಲ್ಲಿಯೇ ಟೈಪ್ ಮಾಡಬೇಕು.

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮತ್ತು ಅಂಕಪಟ್ಟಿಗಳ ಛಾಯಾಚಿತ್ರಗಳನ್ನು ಮೊದಲ ಸಂದೇಶದೊಡನೆ ಕಳುಹಿಸಬಾರದು. ಅಂಕಪಟ್ಟಿಯನ್ನು ಸಂದರ್ಶನಕ್ಕೆ ಹೋದಾಗ ತೋರಿಸಿದರೆ ಸಾಕು. ಗುರುತಿನ ದಾಖಲೆ ಮತ್ತು ಬ್ಯಾಂಕ್ ವಿವರ ಕೆಲಸಕ್ಕೆ ಸೇರಿದ ಮೇಲೆ ಬೇಕಾಗುತ್ತವೆ. ಫೋನಿಗೆ ಬಂದ ಒ.ಟಿ.ಪಿ.ಯನ್ನು ಯಾವ ಹಂತದಲ್ಲಿಯೂ ಯಾರಿಗೂ ತಿಳಿಸಬಾರದು.

7. ಕಳುಹಿಸಿದ ನಂತರ

ಸಂದೇಶವನ್ನು ಹಗಲಿನಲ್ಲಿ, ಪ್ರಕಟಣೆ ಕಂಡ ದಿನವೇ ಕಳುಹಿಸುವುದು ಉತ್ತಮ. ತಪ್ಪು ಕಂಡುಬಂದರೆ ಕಳುಹಿಸಿದ 15 ನಿಮಿಷಗಳ ಒಳಗೆ ವಾಟ್ಸ್‌ಆ್ಯಪ್‌ನಲ್ಲಿ ತಿದ್ದಲು ಅವಕಾಶವಿದೆ. ನೀಲಿ ಗುರುತು ಬಂದರೂ ಉತ್ತರ ಬಾರದಿದ್ದರೆ ತಿರಸ್ಕರಿಸಿದರೆಂದು ಭಾವಿಸಬೇಕಾಗಿಲ್ಲ. ವ್ಯಾಪಾರದ ನಡುವೆ ಓದಿ ಮರೆತಿರಬಹುದು. ಎರಡು ಕೆಲಸದ ದಿನಗಳ ನಂತರ ಒಂದೇ ಒಂದು ನೆನಪೋಲೆ ಸಾಕು: "ಸರ್, ಸೋಮವಾರ ಲೆಕ್ಕಪತ್ರದ ಕೆಲಸಕ್ಕಾಗಿ ಬರೆದಿದ್ದೆ. ಸ್ಥಾನ ಇನ್ನೂ ಖಾಲಿ ಇದ್ದರೆ ಬಂದು ಕಾಣುತ್ತೇನೆ." ಅದಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಗೆ ಬಿಡಬೇಕು. ಪದೇ ಪದೇ ಕರೆ ಮಾಡುವುದು, ರಾತ್ರಿ ವಾಯ್ಸ್ ಮೆಸೇಜ್ ಕಳುಹಿಸುವುದು ಇದ್ದ ಅವಕಾಶವನ್ನೂ ಕೆಡಿಸುತ್ತದೆ.

ಬರಲು ಹೇಳಿದರೆ "ಆಗಲಿ ಸರ್, ನಾಳೆ 11ಕ್ಕೆ ಬರುತ್ತೇನೆ" ಎಂದು ಸಮಯವನ್ನು ಪುನಃ ಬರೆದು ಒಪ್ಪಿಗೆ ತಿಳಿಸಬೇಕು. ಬೇರೆ ಕಡೆ ಕೆಲಸ ಸಿಕ್ಕಿ ಹೋಗಲಾಗದಿದ್ದರೆ ಅದನ್ನೂ ತಿಳಿಸಬೇಕು. ಒಂದು ಊರಿನಿಂದ ಬರುತ್ತೇನೆಂದು ಹೇಳಿ ಇಬ್ಬರು ಬಾರದೆ ಹೋದರೆ, ಆ ಊರಿನ ಮೂರನೆಯವರಿಗೆ ಮಾಲೀಕರು ಉತ್ತರಿಸಲು ಹಿಂಜರಿಯುತ್ತಾರೆ.

8. ಸದಸ್ಯರು ಗಮನಿಸಬೇಕಾದ ಅಂಶಗಳು

ಪ್ರಕಟಣೆಯನ್ನು ಗುಂಪಿಗೆ ಹಾಕುವ ಮುನ್ನ ಅದರಲ್ಲಿ ಉದ್ಯೋಗದಾತರ ಹೆಸರು ಮತ್ತು ಸ್ಥಳ, ಕೆಲಸ, ವೇಳೆ, ಉತ್ತರಿಸುವವರ ಸಂಖ್ಯೆ ಹಾಗೂ ಯಾವ ದಿನಾಂಕದವರೆಗೆ ಎಂಬ ವಿವರಗಳು ಇವೆಯೇ ಎಂದು ನೋಡಬೇಕು. ಇಲ್ಲದಿರುವುದನ್ನು ಕೇಳಿ ಸೇರಿಸಬೇಕು. ಆ ಸಂಖ್ಯೆಗೆ ಸದಸ್ಯರು ತಾವೇ ಒಮ್ಮೆ ಕರೆ ಮಾಡಿದರೆ ಹಲವು ಕುಟುಂಬಗಳು ಸುಳ್ಳು ಪ್ರಕಟಣೆಯಿಂದ ಪಾರಾಗುತ್ತವೆ. ಹುದ್ದೆ ಭರ್ತಿಯಾದ ಸುದ್ದಿ ತಿಳಿದ ಕೂಡಲೇ ಅದನ್ನು ಗುಂಪಿನಲ್ಲಿ ತಿಳಿಸಬೇಕು. ಗುಂಪಿನ ಅಡ್ಮಿನ್ ಆಗಿರುವವರು ಹಳೆಯ ಪ್ರಕಟಣೆಯನ್ನು ಎಲ್ಲರ ಪರದೆಯಿಂದಲೂ ಅಳಿಸಬಹುದು.

ಬಯೋಡೇಟಾ ಅಥವಾ ಆಧಾರ್ ಪ್ರತಿಯನ್ನು ಯಾರಾದರೂ ಗುಂಪಿನಲ್ಲಿಯೇ ಹಾಕಿದರೆ ಅದನ್ನು ಕೂಡಲೇ ಅಳಿಸಿ, ಹಾಕಿದವರಿಗೆ ಪ್ರತ್ಯೇಕವಾಗಿ ಕಾರಣ ತಿಳಿಸತಕ್ಕದ್ದು. ಗುಂಪಿನ ನಡುವೆ ಗದರಿಸಿದರೆ ಮುಂದೆ ಅವರು ಕೇಳುವುದನ್ನೇ ನಿಲ್ಲಿಸುತ್ತಾರೆ.

"ನಿಮ್ಮ ಹೆಸರು ಹೇಳಿಕೊಳ್ಳಲೇ" ಎಂದು ಅಭ್ಯರ್ಥಿಗಳು ಕೇಳುವುದು ಸಾಮಾನ್ಯ. ಸದಸ್ಯರು ಆ ವ್ಯಕ್ತಿಯ ಕೆಲಸವನ್ನು ಸ್ವತಃ ಕಂಡಿದ್ದರೆ ಒಪ್ಪಬಹುದು. ಆಗಲೂ "ಸಂಘದ ಲೆಕ್ಕ ಬರೆಯುವುದನ್ನು ಎರಡು ವರ್ಷದಿಂದ ನೋಡಿದ್ದೇನೆ" ಎಂದು ಕಂಡದ್ದನ್ನು ಮಾತ್ರ ಹೇಳಬೇಕು. ಎಲ್ಲರಿಗೂ ಒಂದೇ ರೀತಿ "ನಮ್ಮವರು, ಒಳ್ಳೆಯವರು" ಎಂದು ಹೇಳಿದರೆ, ನಿಜವಾಗಿ ಹೇಳಬೇಕಾದ ದಿನ ಸದಸ್ಯರ ಮಾತಿಗೆ ಬೆಲೆ ಉಳಿಯುವುದಿಲ್ಲ.

ಮೇಲಿನ ಮಾದರಿ ಸಂದೇಶವನ್ನು ಗ್ರಾಮ ಪಂಚಾಯತಿಯ ಅರಿವು ಕೇಂದ್ರದ ಸೂಚನಾ ಫಲಕದಲ್ಲಿ ಪ್ರಕಟಿಸಬಹುದು. ಆದರೆ ಅದನ್ನು ಹಾಗೆಯೇ ನಕಲಿಸಿ ಕಳುಹಿಸಬಾರದೆಂದು ಜೊತೆಗೆ ತಿಳಿಸಬೇಕು. ಒಂದೇ ಊರಿನಿಂದ ಒಂದೇ ಮಾತಿನ ಐದು ಸಂದೇಶಗಳು ಬಂದರೆ ಮಾಲೀಕರು ಐದನ್ನೂ ನಂಬುವುದಿಲ್ಲ. ನಾಲ್ಕು ಪ್ರಶ್ನೆಗಳ ಕ್ರಮ ಎಲ್ಲರಿಗೂ ಒಂದೇ. ಅವುಗಳ ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ಬರೆಯತಕ್ಕದ್ದು.